ಬಾಟಲಿ ಗಾಳಿಯಲ್ಲಿ ತೇಲದಿರಲು ಹೀಗೆ ಬರೆಯಿರಿ

ಮುಂಬೈ, ಪುಣೆಯಲ್ಲಿ ಮನೆಯಿಂದಲೇ ಕೋಕಂ ಶರಬತ್ತು, ಉಪ್ಪಿನಕಾಯಿ ಮಾರುವವರಿಗೆ, ಎಐ ರಚಿಸಿದ ಚಿತ್ರದಲ್ಲಿ ಬಾಟಲಿ ಗಾಳಿಯಲ್ಲಿ ತೇಲಿದಂತೆ ಕಾಣದಿರಲು ಒಂದು ಸಲಹೆ. ಚಿತ್ರ ರಚಿಸುವ ಎಐ ತಂತ್ರಾಂಶಕ್ಕೆ ‘ನೆರಳು ಇರಲಿ’ ಎಂದಷ್ಟೇ ಬರೆಯಬೇಡಿ; ಬಾಟಲಿಯ ತಳ ಮೇಜನ್ನು ಮುಟ್ಟುವ ಜಾಗದಿಂದಲೇ ವಿವರಣೆ ಆರಂಭಿಸಿ. ಉದಾಹರಣೆಗೆ: ‘ಬಾಟಲಿ ಮರದ ಹಲಗೆಯ ಮೇಲೆ ನಿಂತಿದೆ, ತಳದ ಅಂಚಿಗೆ ಅಂಟಿಕೊಂಡು ತೆಳುವಾದ ಕಡುಗಪ್ಪು ಗೆರೆ, ಎಡಗಡೆಯ ಕಿಟಕಿಯ ಬೆಳಕಿನಿಂದ ನೆರಳು ಬಲಕ್ಕೆ ಚಾಚಿ, ದೂರ ಹೋದಂತೆ ಮಸುಕಾಗುತ್ತದೆ, ನೆರಳಿನೊಳಗೆ ಶರಬತ್ತಿನ ಕೆಂಪು ಹೊಳಪು.’ ತಳದ ಸಂದಿಗೆ ಬೆಳಕು ನುಗ್ಗಲಾರದ್ದರಿಂದ ಅಲ್ಲಿ ಕತ್ತಲು ಅತಿ ಗಾಢವಾಗಿರುತ್ತದೆ. ವಸ್ತು ನೆಲಕ್ಕೆ ತಾಗಿದೆ ಎಂದು ಕಣ್ಣು ನಂಬುವುದು ಮುಖ್ಯವಾಗಿ ಆ ಗೆರೆಯಿಂದ. ವಿವರಣೆಯ ಕೊನೆಯಲ್ಲಿರುವ ಕೆಂಪು ಹೊಳಪಿನ ಮಾತನ್ನು ಬಿಡಬೇಡಿ: ಗಾಜಿನ ಬಾಟಲಿಯ ನೆರಳು ಗಟ್ಟಿ ಕಪ್ಪಾಗಿದ್ದರೆ ಅದು ಗಾಜಾಗಿಯೇ ಕಾಣುವುದಿಲ್ಲ. ಅಡುಗೆಮನೆಯ ಕಟ್ಟೆಯಂಥ ಹೊಳೆಯುವ ಕಪ್ಪು ಕಲ್ಲಿನ ಮೇಲೆ ಮಾತ್ರ ಈ ಉಪಾಯ ಸೋಲುತ್ತದೆ, ಏಕೆಂದರೆ ಅಲ್ಲಿ ನೆರಳು ಕಾಣುವುದೇ ಕಡಿಮೆ. ಆಗ ಪ್ರತಿಬಿಂಬವನ್ನು ಕೇಳಿ: ‘ತಲೆಕೆಳಗಾದ ಪ್ರತಿಬಿಂಬ ತಳದಿಂದಲೇ ಶುರುವಾಗಿ ಕೆಳಗೆ ಹೋದಂತೆ ಮಾಸುತ್ತದೆ.’ ಒರಟು ಹಲಗೆಗೆ ಪ್ರತಿಬಿಂಬ ಬೇಡವೇ ಬೇಡ. ಚಿತ್ರ ಬಂದ ಮೇಲೆ ತಳದ ಭಾಗವನ್ನು ಹಿಗ್ಗಿಸಿ ನೋಡಿ. ಬಾಟಲಿಗೂ ನೆರಳಿಗೂ ನಡುವೆ ತಿಳಿ ಬಣ್ಣದ ಪಟ್ಟಿ ಕಂಡರೆ ಅದು ಇನ್ನೂ ತೇಲುತ್ತಿದೆ.