ಕಾಕಾನ ಪಂಪು, ಮೂರು ದಾರಿಯ ದೂರು

2024ರ ನವೆಂಬರ್. ತೊಗರಿಗೆ ಎಣ್ಣಿ ಹೊಡೆಯುವ ದಿನಗಳಲ್ಲೇ ಕಾಕಾನ ಬ್ಯಾಟರಿ ಪಂಪು ಕೈಕೊಟ್ಟಿತು. ಕೊಂಡು ನಾಲ್ಕು ತಿಂಗಳಾಗಿತ್ತು, ವಾರಂಟಿ ಒಂದು ವರ್ಷದ್ದು. ಕಲಬುರಗಿಯ ಅಂಗಡಿಯವನು "ಕಂಪನಿಗೆ ಹೇಳ್ರಿ" ಅಂದ. ಕಂಪನಿಯ ಫೋನಿನಲ್ಲಿ "ಅಂಗಡಿಗೆ ಹೋಗ್ರಿ" ಅಂದರು. ಕಾಕಾ ಪಂಪನ್ನೂ ಬಿಲ್ಲನ್ನೂ ತಂದು ನಮ್ಮ ಪಡಸಾಲಿಯಲ್ಲಿಟ್ಟು, "ನೀ ಓದಿದಾಂವ, ನೀನೇ ನೋಡಪಾ" ಅಂದು ಹೊಲಕ್ಕೆ ಹೋದ.

ಮೊದಲು ಕಂಪನಿಗೆ ದೂರಿನ ಪತ್ರ ಬರೆದು ಕೊರಿಯರ್ ಮಾಡಿದೆ. ಮೂರನೇ ದಿನ ಪುಣೆ ಮುಟ್ಟಿತು, ಫೋನಿಗೆ ಮೆಸೇಜೂ ಬಂತು. ಹತ್ತು ದಿನ ಬಿಟ್ಟು ವಿಚಾರಿಸಿದರೆ ಕಂಪನಿಯವರು ಅಂಥ ಪತ್ರವೇ ಬಂದಿಲ್ಲ ಅಂದರು. ಕೊರಿಯರಿನವರು ಕೊಟ್ಟ ಪುರಾವೆಯಲ್ಲಿ ಸೊಟ್ಟದೊಂದು ಗೀಟು, ಪಕ್ಕದಲ್ಲಿ ‘ಸೆಕ್ಯುರಿಟಿ’ ಎಂಬ ಒಂದೇ ಪದ. ಸಿಕ್ಕಿಲ್ಲ ಎಂದು ಕಂಪನಿ ಹಟ ಹಿಡಿದರೆ, ಆ ಗೀಟು ಯಾರದೆಂದು ತೋರಿಸುವ ಕೆಲಸ ನನ್ನ ತಲೆಗೇ ಬರುತ್ತದೆ.

ಅಂಚೆಯ ರಿಜಿಸ್ಟರ್ಡ್ ಪತ್ರದ ಲೆಕ್ಕ ಬೇರೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮಿನ ಪ್ರಕಾರ, ಕಾನೂನಿನಡಿ ಅಂಚೆಯಲ್ಲಿ ಕಳಿಸಬೇಕಾದ ಕಾಗದವನ್ನು ಸರಿಯಾದ ವಿಳಾಸ ಬರೆದು, ಹಣ ಕಟ್ಟಿ ರಿಜಿಸ್ಟರ್ ಮಾಡಿದರೆ, ಮಾಮೂಲಿನಂತೆ ಮುಟ್ಟಬೇಕಾದ ಹೊತ್ತಿಗೆ ಅದು ಮುಟ್ಟಿದೆ ಎಂದೇ ಹಿಡಿಯುತ್ತಾರೆ. ಇಲ್ಲ ಅನ್ನುವವರು ಅದನ್ನು ತೋರಿಸಬೇಕು. ದೂರಿನ ಪತ್ರಕ್ಕೂ ವಕೀಲರು ಇದೇ ದಾರಿ ಹೇಳುವುದು ಅದಕ್ಕೇ. ಆದರೆ ‘ಸರಿಯಾದ ವಿಳಾಸ’ ಎಂಬ ಮಾತಿನ ಮೇಲೇ ಎಲ್ಲ ನಿಂತಿದೆ.

ಅಲ್ಲೇ ನಾನು ಎಡವುತ್ತಿದ್ದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ರಸೀದಿ ಈಸಿಕೊಂಡು ಕಿಸೆಗೆ ಹಾಕಿ ಹೊರಟವನು, ಬಾಗಿಲ ಹತ್ತಿರ ಯಾಕೋ ತೆಗೆದು ನೋಡಿದೆ. ಕವರಿನ ಮೇಲೆ ಸರಿಯಾಗಿದ್ದ ಪಿನ್‌ಕೋಡು ರಸೀದಿಯಲ್ಲಿ ಒಂದಂಕಿ ತಪ್ಪಿತ್ತು. ತಿರುಗಿ ಹೋಗಿ, "ಅಕ್ಕೋರೇ, ಪಿನ್ ತಪ್ಪ ಬಿದ್ದದ ನೋಡ್ರಿ" ಅಂದೆ. ಗೊಣಗುತ್ತಲೇ ಸರಿಮಾಡಿ ಬೇರೆ ರಸೀದಿ ಕೊಟ್ಟರು. ಆ ಕಾಗದದ ಅಚ್ಚು ನಮ್ಮೂರ ಬಿಸಿಲಿಗೆ ಮಾಸುವಂಥದ್ದು, ಹಾಗಾಗಿ ಅವತ್ತೇ ಝೆರಾಕ್ಸ್ ಮಾಡಿಸಿದೆ. ಟ್ರ್ಯಾಕಿಂಗ್ ಪುಟವೂ ಕಾಯಂ ಇರುವುದಿಲ್ಲ. ಪತ್ರ ಮುಟ್ಟಿದ ದಿನವೇ ಅದನ್ನೂ ಪ್ರಿಂಟ್ ತೆಗೆದಿಟ್ಟೆ.

ಇನ್ನೊಂದು ತೊಡಕು ಬಹಳ ಜನರಿಗೆ ಹೊಳೆಯುವುದಿಲ್ಲ. ಕವರು ಮುಟ್ಟಿತೆಂದು ರಸೀದಿ ಹೇಳುತ್ತದೆ, ಒಳಗೆ ಏನಿತ್ತೆಂದು ಹೇಳುವುದಿಲ್ಲ. ಖಾಲಿ ಹಾಳೆ ಬಂದಿತ್ತು ಅಂದರೆ? ಅದಕ್ಕೆ, ಪತ್ರ ಪಡೆದವರ ಸಹಿಯೊಂದಿಗೆ ನಮಗೆ ತಿರುಗಿ ಬರುವ ಎಡಿ ಕಾರ್ಡಿನ ಮೇಲೆ ‘ಪಂಪಿನ ದೂರು’ ಎಂದು ಪತ್ರದ ತಾರೀಖಿನ ಸಮೇತ ಬರೆದೆ. ಸಹಿ ಮಾಡಿದ ಪತ್ರವನ್ನು ಬಿಲ್ಲಿನ ಜೊತೆ ಸ್ಕ್ಯಾನ್ ಮಾಡಿ ಅವತ್ತು ಸಂಜೆಯೇ ಇಮೇಲ್ ಕಳಿಸಿದೆ, ಒಳಗೆ ಅಂಚೆಯ ಹದಿಮೂರು ಅಕ್ಷರದ ನಂಬರೂ ಹಾಕಿದೆ. ಹೀಗೆ ಮಾಡಿದರೆ ಕವರಿಗೆ ಇಮೇಲ್ ಸಾಕ್ಷಿ, ಇಮೇಲಿಗೆ ಕವರು ಸಾಕ್ಷಿ.

ಇಮೇಲ್ ಒಂದನ್ನೇ ನಂಬಿದರೆ, ಅದು ಸ್ಪ್ಯಾಮಿಗೆ ಹೋಯಿತು ಅನ್ನುವುದು ಅವರಿಗೆ ಸುಲಭ. ನನಗೆ ಟಿಕೆಟ್ ನಂಬರಿನ ಉತ್ತರ ತಾನೇ ಬಂತು, ಅದು ಚಿನ್ನದಂಥ ಪುರಾವೆ. ಹೀಗೆ ಬಂದ ಇಮೇಲನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿ ಮೂಲವನ್ನು ಅಳಿಸಬಾರದು, ಎಲ್ಲಿಂದ ಯಾವಾಗ ಬಂತೆಂಬ ತಲೆಬರಹ ಮೂಲದಲ್ಲಷ್ಟೇ ಪೂರ್ತಿ ಇರುತ್ತದೆ. ನಾನು ಜಿಮೇಲ್‌ನಲ್ಲಿ `Show original` ಒತ್ತಿ ಅದನ್ನು ಇಳಿಸಿಟ್ಟುಕೊಂಡೆ.

ಎಡಿ ಕಾರ್ಡು ಮೂರು ವಾರಕ್ಕೆ ಕಂಪನಿಯ ಮೊಹರಿನೊಂದಿಗೆ ತಿರುಗಿ ಬಂತು. ಅದರ ಫೋಟೋ ಕಳಿಸಿದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ಜನವರಿಯಲ್ಲಿ ಹೊಸ ಪಂಪು ಬಂತು, ಅಷ್ಟೊತ್ತಿಗೆ ಎಣ್ಣಿ ಹೊಡೆಯುವ ಕಾಲ ಮುಗಿದಿತ್ತೆನ್ನಿ. ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗುತ್ತಿತ್ತು, ಅದಕ್ಕೆ ಎರಡು ವರ್ಷದ ಗಡುವು. ಪತ್ರ ಬರೆಯುತ್ತ ಕೂತರೆ ಆ ಗಡುವು ನಮಗಾಗಿ ಕಾಯುವುದಿಲ್ಲ.

ಈಗ ಕೌಂಟರಿನಲ್ಲಿ ಕೇಳುವ ರೀತಿ ಬದಲಾಗಿದೆ. 2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದ್ದಾರೆ. ಸ್ಪೀಡ್ ಪೋಸ್ಟ್ ಅಂದರಷ್ಟೇ ಸಾಲದು, "ರಿಜಿಸ್ಟ್ರೇಶನ್ ಹಾಕ್ರಿ" ಅನ್ನಬೇಕು. ಅದಕ್ಕೆ ಐದು ರೂಪಾಯಿ, ಮೇಲೆ ಜಿಎಸ್‌ಟಿ. ಆಗ ಪತ್ರ ವಿಳಾಸದಾರರ ಇಲ್ಲವೇ ಅವರು ಒಪ್ಪಿಗೆ ಕೊಟ್ಟವರ ಕೈಗೇ ಹೋಗಬೇಕು.

ಅಂಗಡಿಯವನಿಗೂ ಒಂದು ಪ್ರತಿ ರಿಜಿಸ್ಟರ್ ಮಾಡಿದ್ದೆ. ಅವನು ತೆಗೆದುಕೊಳ್ಳಲಿಲ್ಲ, ‘ನಿರಾಕರಿಸಿದ್ದಾರೆ’ ಎಂಬ ಅಂಚೆಯವರ ಷರಾದೊಂದಿಗೆ ಕವರು ವಾಪಸ್ ಬಂತು. ಮನೆಯವರು ಒಡೆಯಲು ಹೋದಾಗ ಓಡಿಬಂದು ಕಸಿದುಕೊಂಡೆ. ಬೇಡ ಅಂದರೂ ಪತ್ರ ಕೊಟ್ಟಂತೆಯೇ ಎಂದು ವಾದಿಸಲು ಆ ಷರಾ ಬೇಕು, ಒಳಗಿನ ಕಾಗದ ಅದೇ ಎನ್ನಲು ಕವರಿನ ಅಂಟು ಬಿಚ್ಚಿರಬಾರದು. ಒಡೆಯುವುದಿದ್ದರೆ ಆಯೋಗದ ಮುಂದೆಯೇ. ಪಂಪಿನ ಕತೆ ಮುಗಿದರೂ ಅದು ಹಾಗೇ ಟ್ರಂಕಿನಲ್ಲಿದೆ.