ನಾಲ್ಕನೇ ದಿನ ಬೀಟಾ ಏರಿತ್ತು, ಆದರೂ ಟ್ಯೂಬ್ ಉಳಿಯಿತು

ಎಕ್ಟೋಪಿಕ್, ಅಂದರೆ ಗರ್ಭಕೋಶದ ಬದಲು ಟ್ಯೂಬ್‌ನಲ್ಲಿ ಗರ್ಭ ಕಟ್ಟಿದ್ದ ಒಬ್ಬಾಕೆಗೆ, ಅದರ ಬೆಳವಣಿಗೆ ತಡೆಯುವ ಮೆಥೋಟ್ರೆಕ್ಸೇಟ್ ಕೊಟ್ಟ ನಾಲ್ಕನೇ ದಿನದ ರಿಪೋರ್ಟ್ ನೋಡಿ ನಮ್ಮ ಹಿರಿಯರೊಬ್ಬರು, "ಇಂಜೆಕ್ಷನ್ ಕೆಲಸ ಮಾಡ್ತಿಲ್ಲ ಕಣಮ್ಮ, ಟ್ಯೂಬ್ ಒಡೆಯೋಕೆ ಮುಂಚೆ ಥಿಯೇಟರ್‌ಗೆ ಹಾಕು" ಎಂದರು. ಗರ್ಭದ ಹಾರ್ಮೋನ್ ಆದ ಬೀಟಾ ಎಚ್‌ಸಿಜಿ ಇಳಿಯುವ ಬದಲು ಏರಿತ್ತು. ನಾನು ಥಿಯೇಟರ್‌ಗೆ ಹಾಕಲಿಲ್ಲ. ಆಕೆಯ ಎರಡೂ ಟ್ಯೂಬ್ ಹಾಗೇ ಉಳಿದವು. ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ. ಅಂಕಿಗಳು ನೆನಪಿನಿಂದ ಬಂದವು, ಹೆಚ್ಚು ಕಡಿಮೆ ಇರಬಹುದು.

ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಆಕೆಗೆ ಸುಮಾರು ಆರು ವಾರ. ಸ್ವಲ್ಪ ಸ್ಪಾಟಿಂಗ್, ಬಲಗಡೆ ಮಂದ ನೋವು. ಪಲ್ಸ್, ಬಿಪಿ ಸರಿಯಾಗಿದ್ದವು. ಬೀಟಾ 1,400ರ ಆಸುಪಾಸು. ಬೇರೆ ಕಡೆ ಸ್ಕ್ಯಾನ್ ಮಾಡಿದವರು "ಒಳಗೆ ಸ್ಯಾಕ್ ಕಾಣ್ತಿದೆ, ಎರಡು ವಾರ ಬಿಟ್ಟು ಬನ್ನಿ" ಎಂದು ಕಳಿಸಿದ್ದರು. ನಾನು ಟಿವಿಎಸ್, ಅಂದರೆ ಯೋನಿಯ ಮೂಲಕ ಸ್ಕ್ಯಾನ್ ಮಾಡಿದಾಗ ಗರ್ಭಕೋಶದ ಒಳಗೆ ತೆಳ್ಳಗೆ, ಉದ್ದಕ್ಕೆ ಸ್ವಲ್ಪ ದ್ರವ ಇತ್ತು. ಅದು ಸರಿಯಾಗಿ ನಡುವಿನಲ್ಲಿತ್ತು. ನಿಜವಾದ ಸ್ಯಾಕ್, ಅಂದರೆ ಗರ್ಭದ ಚೀಲ, ಗರ್ಭಕೋಶದ ಲೈನಿಂಗ್‌ನ ಒಳಗೆ ಒಂದು ಪಕ್ಕಕ್ಕೆ ಹೂತುಕೊಂಡಿರುತ್ತದೆ, ದುಂಡಗಿರುತ್ತದೆ, ಸುತ್ತ ಬಿಳಿ ಅಂಚು ಇರುತ್ತದೆ. ಇದರಲ್ಲಿ ಅದ್ಯಾವುದೂ ಇರಲಿಲ್ಲ. ಆದರೂ "ಸೂಡೋಸ್ಯಾಕ್" ಎಂದು, ಅಂದರೆ ಸುಳ್ಳು ಸ್ಯಾಕ್ ಎಂದು, ಬರೆಯಲು ಕೈ ಬರಲಿಲ್ಲ. ಟೆಸ್ಟ್ ಪಾಸಿಟಿವ್ ಇರುವ ಹೆಂಗಸಿನ ಗರ್ಭಕೋಶದಲ್ಲಿ ದುಂಡಗಿನ ದ್ರವ ಕಂಡರೆ ಅದು ಒಳಗಿನ ಗರ್ಭವೇ ಆಗಿರುವ ಸಾಧ್ಯತೆ ಜಾಸ್ತಿ. ಆ ದ್ರವವೊಂದನ್ನೇ ನಂಬಿ ಮೆಥೋಟ್ರೆಕ್ಸೇಟ್ ಚುಚ್ಚಿದರೆ, ಬೇಕಾಗಿದ್ದ ಗರ್ಭವನ್ನೇ ಹಾಳು ಮಾಡಿದಂತೆ.

ಬೀಟಾ 1,500 ದಾಟಿತು, ಗರ್ಭಕೋಶ ಖಾಲಿ, ಹಾಗಾದರೆ ಎಕ್ಟೋಪಿಕ್ ಎನ್ನುವ ಹಳೆಯ ಲೆಕ್ಕ ಈಗಲೂ ಹಲವರ ಬಾಯಲ್ಲಿದೆ. ನಾನು ಅದನ್ನು ಬಿಟ್ಟು ಬಹಳ ಕಾಲವಾಯಿತು. ಕೆಲವು ಒಳ್ಳೆಯ ಗರ್ಭಗಳೂ 2,000ದ ಮೇಲೆ ಹೋದ ಮೇಲೇ ಕಾಣುತ್ತವೆ. ಅಂಥ ಗೆರೆ ಬೇಕೇ ಬೇಕು ಅನ್ನುವವರಿಗೆ ಅಮೆರಿಕದ ಪ್ರಸೂತಿ, ಸ್ತ್ರೀರೋಗ ವೈದ್ಯರ ಸಂಘ ಎಸಿಒಜಿ 3,500ರಷ್ಟು ಎತ್ತರದ ಗೆರೆ ಇಟ್ಟುಕೊಳ್ಳಿ ಎಂದಿದೆ. ಹಾಗಾಗಿ ಆಕೆಯನ್ನು 48 ಗಂಟೆ ಬಿಟ್ಟು ಕರೆಸಿದೆ.

ಎರಡನೇ ಬೀಟಾ 1,750 ಬಂತು. ಅಂದರೆ ಏರಿಕೆ ಶೇ 25. 1,500ಕ್ಕಿಂತ ಕೆಳಗೆ ಶುರುವಾದ ಒಳ್ಳೆಯ ಗರ್ಭ ಎರಡು ದಿನದಲ್ಲಿ ಕಡಿಮೆ ಎಂದರೂ ಶೇ 49 ಏರಬೇಕು. ಇದು ನಿಲ್ಲುವ ಗರ್ಭವಲ್ಲ ಎಂಬುದು ಬಹುಪಾಲು ಖಚಿತವಾಯಿತು. ಆದರೆ ಎಲ್ಲಿದೆ ಎಂದು ಬೀಟಾ ಹೇಳುವುದಿಲ್ಲ. ಒಳಗೇ ಕೆಟ್ಟ ಗರ್ಭವೂ ಹೀಗೇ ತೆವಳುತ್ತದೆ. ಮತ್ತೆ ಪ್ರೋಬ್ ಹಿಡಿದೆ.

ಈ ಸಲ ಬಲಗಡೆ, ಗರ್ಭಕೋಶಕ್ಕೂ ಓವರಿಗೂ ನಡುವೆ, ಎರಡು ಸೆಂಟಿಮೀಟರ್‌ನ ಉಂಗುರ ಸಿಕ್ಕಿತು. ಅಂಡ ಹೊರಬಿದ್ದ ಮೇಲೆ ಓವರಿಯಲ್ಲಿ ಉಳಿಯುವ ಕಾರ್ಪಸ್ ಲೂಟಿಯಂ ಕೂಡ ಉಂಗುರದಂತೆಯೇ ಕಾಣುತ್ತದೆ. ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿದರೆ ಎರಡರ ಸುತ್ತಲೂ ಕೆಂಪು ಬಳೆ ಮೂಡುತ್ತದೆ, ಹಾಗಾಗಿ ಡಾಪ್ಲರ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಪ್ರೋಬ್‌ನಿಂದ ಮೆಲ್ಲಗೆ ಒತ್ತಿ, ಇನ್ನೊಂದು ಕೈಯಿಂದ ಹೊಟ್ಟೆಯ ಮೇಲೆ ಒತ್ತಬೇಕು. ಕಾರ್ಪಸ್ ಲೂಟಿಯಂ ಓವರಿಯ ಜೊತೆಗೇ ಚಲಿಸುತ್ತದೆ. ಇದು ಓವರಿಯಿಂದ ಜಾರಿ ಬೇರೆಯಾಯಿತು. ಅದರ ಅಂಚು ಓವರಿಗಿಂತ ಬೆಳ್ಳಗೂ ಇತ್ತು. ಕೈ ಯಾವ ಕೋನದಲ್ಲಿಟ್ಟರೆ ಬೇಗ ಜಾರುತ್ತದೆ ಎಂಬ ಒಂದು ಚಳಕ ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯಲ್ಲ, ಪಕ್ಕದಲ್ಲಿ ನಿಂತವರಿಗೆ ಮಾತ್ರ ತೋರಿಸುತ್ತೇನೆ.

ಉಂಗುರದೊಳಗೆ ಭ್ರೂಣಕ್ಕಿಂತ ಮೊದಲು ಕಾಣುವ ಪುಟ್ಟ ಚೀಲವಾದ ಯೋಕ್ ಸ್ಯಾಕ್ ಇಲ್ಲ, ಹಾರ್ಟ್‌ಬೀಟ್ ಇಲ್ಲ. ಗರ್ಭಕೋಶದ ಹಿಂದಿನ ಪೌಚ್‌ನಲ್ಲಿ ಒಂದಿಷ್ಟು ತಿಳಿ ದ್ರವ ಅಷ್ಟೆ. ಅದೇ ದ್ರವ ಕಣಕಣವಾಗಿ ಮಸುಕಾಗಿ ಕಂಡಿದ್ದರೆ ಅದು ರಕ್ತ, ನನ್ನ ಮಾತೇ ಬೇರೆ ಇರುತ್ತಿತ್ತು. ಸಿಬಿಸಿ, ಕ್ರಿಯಾಟಿನಿನ್, ಲಿವರ್ ಎಲ್ಲ ಸರಿಯಿದ್ದವು. ಹಾಲೂಡಿಸುವ ಮಗು ಇರಲಿಲ್ಲ. ಇವೆಲ್ಲಕ್ಕಿಂತ ನಾನು ಜಾಸ್ತಿ ತೂಕ ಕೊಡುವುದು ಇನ್ನೊಂದಕ್ಕೆ: ಕರೆದಾಗ ಬರುತ್ತಾರಾ, ರಾತ್ರಿ ನೋವು ಬಂದರೆ ಬೇಗ ತಲುಪುತ್ತಾರಾ? ಆಕೆ ತಲುಪುವವರಾಗಿದ್ದರು.

ದೇಹದ ಮೇಲ್ಮೈಯ ಚದರ ಮೀಟರ್‌ಗೆ 50 ಮಿಲಿಗ್ರಾಂ ಲೆಕ್ಕದಲ್ಲಿ 80 ಮಿಲಿಗ್ರಾಂ, ಸ್ನಾಯುವಿಗೆ ಒಂದೇ ಇಂಜೆಕ್ಷನ್. ಫೋಲಿಕ್ ಆಸಿಡ್ ಮಾತ್ರೆ ಅಂದೇ ನಿಲ್ಲಿಸಿದೆ. ಬಹಳ ಜನ ಇದನ್ನು ಕೇಳುವುದೇ ಇಲ್ಲ, ಗರ್ಭಿಣಿ ಎಂದು ತಿಳಿದ ದಿನದಿಂದ ಆಕೆ ಅದನ್ನು ನುಂಗುತ್ತಲೇ ಇರುತ್ತಾಳೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್ ಬೇಡ ಎಂದೆ.

ನಾಲ್ಕನೇ ದಿನ ಬೀಟಾ 2,300. ಹಿರಿಯರು ರೇಗಿದ್ದು ಆಗಲೇ. ಆದರೆ ಈ ಮದ್ದು ಹೊಸ ಕೋಶಗಳು ಹುಟ್ಟುವುದನ್ನು ತಡೆಯುತ್ತದೆ, ಇರುವ ಕೋಶಗಳು ಇನ್ನೂ ಕೆಲವು ದಿನ ಎಚ್‌ಸಿಜಿ ಸುರಿಸುತ್ತವೆ. ಒಂದನೇ ದಿನಕ್ಕೂ ನಾಲ್ಕನೇ ದಿನಕ್ಕೂ ಹೋಲಿಸಿ ಸೋತೆವು ಎನ್ನುವಂತಿಲ್ಲ. ನೋಡಬೇಕಾದದ್ದು ನಾಲ್ಕರಿಂದ ಏಳು: ಕನಿಷ್ಠ ಶೇ 15 ಇಳಿಯಬೇಕು.

ಆರನೇ ದಿನ ರಾತ್ರಿ ಆಕೆಗೆ ನೋವು ಜೋರಾಯಿತು. ಟ್ಯೂಬ್‌ನಿಂದ ಗರ್ಭ ಬಿಡಿಸಿಕೊಳ್ಳುವಾಗ ಇಂಥ ನೋವು ಬರುತ್ತದೆ, ಒಡೆದಾಗಲೂ ಬರುತ್ತದೆ. ನೋವಿನ ಬಗೆ ಕೇಳಿ ಎರಡನ್ನು ಬೇರ್ಪಡಿಸಲು ನನಗಂತೂ ಬರುವುದಿಲ್ಲ. ಒಳಗೆ ಸೇರಿಸಿಕೊಂಡು ಪಲ್ಸ್, ಬಿಪಿ ನೋಡುತ್ತಾ ಕೂತೆವು. ಕೆಲವು ಗಂಟೆ ಬಿಟ್ಟು ಎರಡನೇ ಸಲ ನೋಡಿದಾಗಲೂ ಹಿಮೋಗ್ಲೋಬಿನ್ ಅಷ್ಟೇ ಇತ್ತು, ಪೌಚ್‌ನ ದ್ರವವೂ ಅಷ್ಟೇ. ಬೆಳಗ್ಗೆ ನೋವು ಇಳಿಯಿತು. ಏಳನೇ ದಿನ ಬೀಟಾ 1,800, ಅಂದರೆ ಶೇ 20ಕ್ಕಿಂತ ಜಾಸ್ತಿ ಇಳಿಕೆ. ಆಮೇಲೆ ವಾರಕ್ಕೊಂದು ಸಲ ನೋಡುತ್ತಾ ಹೋದೆವು, 5ರ ಕೆಳಗೆ ಬರಲು ತಿಂಗಳೊಪ್ಪತ್ತು ಹಿಡಿಯಿತು. ನಡುವೆ ಉಂಗುರ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಒಳಗೆ ರಕ್ತ ಕಟ್ಟಿಕೊಂಡು ಹಾಗಾಗುತ್ತದೆ. ನೋವಿಲ್ಲದವರಿಗೆ ಈಗ ಸುಮ್ನೆ ಸ್ಕ್ಯಾನ್ ಮಾಡಿ ಗಾಬರಿ ಬೀಳಿಸುವುದಿಲ್ಲ.

ಇದರ ಜೊತೆ ಒಂದು ಪುಟ್ಟ ಪ್ರಯೋಗ ಮಾಡಿದೆ. ಒಂದೇ ರಕ್ತವನ್ನು ಎರಡು ಟ್ಯೂಬ್‌ಗೆ ಹಾಕಿ ಎರಡು ಲ್ಯಾಬ್‌ಗೆ ಕಳಿಸಿದೆ. ಒಂದು ಕಡೆ 2,000, ಇನ್ನೊಂದು ಕಡೆ 2,250ರ ಹತ್ತಿರ. ಹತ್ತು ಪರ್ಸೆಂಟ್ ಮೀರಿದ ವ್ಯತ್ಯಾಸ! ನಾಲ್ಕನೇ ದಿನ ಇಲ್ಲಿ, ಏಳನೇ ದಿನ ಅಲ್ಲಿ ಪರೀಕ್ಷೆ ಮಾಡಿಸಿದರೆ ಆ ಶೇ 15ಕ್ಕೆ ಅರ್ಥವೇನು ಉಳಿಯಿತು, ಅಲ್ವಾ? ಅಂದಿನಿಂದ ಎಲ್ಲ ಬೀಟಾಗಳೂ ಒಂದೇ ಲ್ಯಾಬ್‌ನಲ್ಲಿ. ಖರ್ಚು ಉಳಿಸಲು ಯೂರಿನ್ ಕಾರ್ಡ್‌ನಿಂದ ಇಳಿಕೆ ನೋಡಲಾಗುತ್ತದಾ ಎಂದೂ ಪ್ರಯತ್ನಿಸಿದೆ. ಕೊನೆಯ ತನಕ ಎರಡು ಗೆರೆ ತೋರಿಸಿ ತಲೆ ತಿಂದಿತು ಅಷ್ಟೆ.

ಖರ್ಚಿನ ಮಾತಿಗೆ ಬಂದರೆ, ಇಂಜೆಕ್ಷನ್ ಬೆಲೆ ಏನೂ ಅಲ್ಲ. ಪದೇ ಪದೇ ಮಾಡಿಸುವ ಬೀಟಾ, ಓಡಾಟ, ಕೆಲಸದ ರಜೆ, ನಡುವೆ ಒಂದು ರಾತ್ರಿ ಅಡ್ಮಿಷನ್ ಎಲ್ಲ ಕೂಡಿಸಿದರೆ ಆಪರೇಷನ್‌ಗಿಂತ ಅಗ್ಗ ಎಂಬ ಮಾತು ಅಲ್ಲಾಡುತ್ತದೆ. ಮದ್ದು ಸೋತರೆ ಎರಡೂ ಖರ್ಚು ಮೈಮೇಲೆ ಬೀಳುತ್ತವೆ.

ಹಾಗೆ ಬಿದ್ದವರೂ ಇದ್ದಾರೆ. ಇನ್ನೊಬ್ಬಾಕೆಗೆ ಬೀಟಾ 4,500ರ ಹತ್ತಿರ ಇತ್ತು. ಹಾರ್ಟ್‌ಬೀಟ್ ಇಲ್ಲ, ಗಾತ್ರ ಮೂರು ಸೆಂಟಿಮೀಟರ್ ಒಳಗೆ. ಕಾಗದದ ಮೇಲೆ ಎಲ್ಲವೂ ಮಿತಿಯೊಳಗೇ ಇತ್ತು, ಆಕೆಗೂ ಆಪರೇಷನ್ ಬೇಡವಾಗಿತ್ತು. ಆದರೆ ಉಂಗುರದಲ್ಲಿ ಯೋಕ್ ಸ್ಯಾಕ್ ಕುಳಿತಿತ್ತು, ಎರಡು ದಿನದಲ್ಲಿ ಬೀಟಾ ಶೇ 50 ಏರಿತ್ತು. ಮೊದಲ ಡೋಸ್‌ಗೆ ಇಳಿಯಲಿಲ್ಲ. ಎರಡನೆಯದು ಕೊಟ್ಟ ಮೇಲೂ ಏರಿತು. ಕೊನೆಗೆ ಪಲ್ಸ್ ಓಡತೊಡಗಿತು, ಪೌಚ್‌ನಲ್ಲಿ ಮಸುಕು ದ್ರವ ಕಂಡಿತು. ಲ್ಯಾಪರೋಸ್ಕೋಪಿಯಲ್ಲಿ ಆ ಟ್ಯೂಬ್ ತೆಗೆದೆವು. ಇನ್ನೊಂದು ಟ್ಯೂಬ್ ಚೆನ್ನಾಗಿತ್ತು.

ಈಗ ಬೀಟಾ ನಾಲ್ಕೂವರೆ ಸಾವಿರದ ಹತ್ತಿರ ಇದ್ದು, ಜೋರಾಗಿ ಓಡುತ್ತಿದ್ದು, ಯೋಕ್ ಸ್ಯಾಕ್ ಕೂಡ ಇದ್ದರೆ ಕಾಗದದ ಮೇಲಿನ ಮಿತಿಯಾದ 5,000 ಆಗಲಿ ಎಂದು ಕಾಯುವುದಿಲ್ಲ. ಎರಡೂ ದಾರಿಯ ಖರ್ಚು, ಸೋಲುವ ಸಾಧ್ಯತೆ ಹೇಳಿ, ನನ್ನ ಒಲವು ಲ್ಯಾಪರೋಸ್ಕೋಪಿಯ ಕಡೆಗೆ ಎಂದು ಮೊದಲೇ ತಿಳಿಸುತ್ತೇನೆ. ಹಾರ್ಟ್‌ಬೀಟ್ ಕಂಡರೂ ಹಾಗೇ. ಬಿಪಿ ಕುಸಿದು ಬಂದವರಿಗೆ ಈ ಲೆಕ್ಕ ಯಾವುದೂ ಇಲ್ಲ, ನೇರ ಥಿಯೇಟರ್. ಮದ್ದಿನಲ್ಲಿ ಗೆದ್ದವರಿಗೆ ಮುಂದಿನ ಗರ್ಭ ಕನಿಷ್ಠ ಮೂರು ತಿಂಗಳು ಬೇಡ ಎನ್ನುತ್ತೇನೆ. ಆಮೇಲೆ ಮುಟ್ಟು ತಪ್ಪಿದರೆ ನೋವು ಬರಲಿ ಎಂದು ಕಾಯದೆ ಬೇಗನೇ ಸ್ಕ್ಯಾನ್‌ಗೆ ಬನ್ನಿ ಎಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡುತ್ತೇನೆ.