ಒಂಬತ್ತು ಫೈಲು, ಒಂದೇ ಸಾಲು: ನಾನು ಲೆಕ್ಕ ಹೊಂದಿಸಿದ ರೀತಿ

ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್ ಇಟ್ಟಿರುವ ಒಬ್ಬ ಕ್ಲೈಂಟ್ ಮೇ 16ರ ರಾತ್ರಿ ಡ್ರೈವ್‌ಗೆ ಒಂಬತ್ತು ಫೈಲು ಹಾಕಿದರು. ಜೊತೆಗೆ ಒಂದೇ ಸಾಲು: "ಸರ್, ಎಲ್ಲಾ ಹಾಕಿದ್ದೀನಿ, ನೋಡ್ಕೊಂಡು ಮಾಡ್ಬಿಡಿ." ಏನು ಮಾಡಬೇಕು ಅಂತ ಎಲ್ಲೂ ಇಲ್ಲ.

ಹಿಂದೆ ಇಂಥದ್ದೇ ಕೆಲಸದಲ್ಲಿ ನಾನು ಪೆಟ್ಟು ತಿಂದಿದ್ದೆ. ಬೇರೊಬ್ಬರು ಕೊಟ್ಟ final.xlsx ಅನ್ನೋ ಫೈಲನ್ನು ನಂಬಿ ಜಿಎಸ್‌ಟಿ ರಿಟರ್ನ್ ಹಾಕಿಬಿಟ್ಟೆ. ಜಾಸ್ತಿ ಕ್ಲೇಮ್ ಮಾಡಿದ ತೆರಿಗೆಯನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಯಿತು, ಒಟ್ಟು ಹದಿನಾಲ್ಕು ಸಾವಿರದ ಹತ್ತಿರ. ಆ ತಿಂಗಳ ನನ್ನ ಫೀಸ್ ಮೂರು ಸಾವಿರವನ್ನೂ ಬಿಟ್ಟುಕೊಟ್ಟೆ. ಅಂದಿನಿಂದ ಫೈಲಿನ ಹೆಸರು ನೋಡಿ ಕೆಲಸ ಶುರು ಮಾಡುವುದಿಲ್ಲ. "ಸುಮ್ನೆ ಫೋನ್ ಮಾಡಿ ಕೇಳಪ್ಪ, ಇಷ್ಟೆಲ್ಲ ಯಾಕೆ?" ಅಂತ ನಮ್ಮ ಆಫೀಸಿನ ಹಿರಿಯರು ಈ ಸಲವೂ ಹೇಳಿದರು. ಆದರೆ ಮೊದಲೇ ಕೇಳಿದರೆ "ಎಲ್ಲಾ ಅದರಲ್ಲೇ ಇದೆ ಸರ್" ಅನ್ನುವ ಉತ್ತರವೇ ಬರುತ್ತದೆ.

ಹಾಗಾಗಿ ಮೊದಲು ಫೈಲುಗಳಿಂದಲೇ ಕೆಲಸ ಯಾವುದು ಅಂತ ಊಹಿಸುತ್ತೇನೆ. ಏಪ್ರಿಲ್‌ನ 2ಬಿ ಇತ್ತು, ಅದು ಮಾರಿದವರು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ಮಾಡಿಕೊಡುವ ಪಟ್ಟಿ. ತಿಂಗಳ ರಿಟರ್ನ್ ಆದ 3ಬಿ ಹಾಕಲು 20ರ ಗಡುವು ಹತ್ತಿರವಿತ್ತು. ಅಂದರೆ ಕೆಲಸ ರಿಟರ್ನ್. ಹೋದ ವರ್ಷದ ಬ್ಯಾಲೆನ್ಸ್ ಶೀಟ್ ಮಾತ್ರ ಇದಕ್ಕೆ ಹೊಂದಲಿಲ್ಲ. ಅದನ್ನು ಪಕ್ಕಕ್ಕಿಟ್ಟೆ.

ಆಮೇಲೆ ದಿನಾಂಕ. ಡೌನ್‌ಲೋಡ್ ಮಾಡಿದ ಮೇಲೆ ಫೋಲ್ಡರಿನಲ್ಲಿ ಕಾಣುವ ದಿನಾಂಕವನ್ನು ನಂಬಬೇಡಿ. ಎಕ್ಸೆಲ್ ಒಳಗಿನ ಪ್ರಾಪರ್ಟೀಸ್‌ನಲ್ಲಿ ಕೊನೆಯದಾಗಿ ಸೇವ್ ಮಾಡಿದ ದಿನ ಉಳಿದಿರುತ್ತದೆ. ಅಲ್ಲಿ ನೋಡಿದರೆ ಇವರ final2.xlsx ಹಳೆಯದು, final.xlsx ಹೊಸದು! ಬಿಲ್ ಫೋಟೋಗಳ ಕಥೆ ಬೇರೆ. IMG-20240507-WA0003.jpg ಅಂದರೆ ಅದು ವಾಟ್ಸಾಪ್‌ನಲ್ಲಿ ಬಂದ ದಿನ, ಬಿಲ್ಲಿನ ದಿನವಲ್ಲ.

ಇನ್ನು ತಕರಾರು. ಖರೀದಿ ಮೇಲಿನ ತೆರಿಗೆ ಎಕ್ಸೆಲ್‌ನಲ್ಲಿ 1,46,000, ಟ್ಯಾಲಿಯಲ್ಲಿ 1,51,400, 2ಬಿಯಲ್ಲಿ 1,35,200. ಯಾವುದೋ ಒಂದು ಫೈಲನ್ನು ಗೆಲ್ಲಿಸುವುದು ನನ್ನ ದಾರಿ ಅಲ್ಲ. ಒಂದೊಂದು ಪ್ರಶ್ನೆಗೆ ಒಂದೊಂದು ಫೈಲು ಸಾಕ್ಷಿ. ದುಡ್ಡು ಹೋಯಿತಾ ಅನ್ನುವುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್. ಮಾಲು ಎಷ್ಟಕ್ಕೆ ಅನ್ನುವುದಕ್ಕೆ ಬಿಲ್. ಈ ತಿಂಗಳು ಕ್ರೆಡಿಟ್, ಅಂದರೆ ಖರೀದಿಗೆ ಕಟ್ಟಿದ ತೆರಿಗೆಯ ವಜಾ, ಎಷ್ಟು ತೆಗೆದುಕೊಳ್ಳಬಹುದು ಅನ್ನುವುದಕ್ಕೆ 2ಬಿ. ಟ್ಯಾಲಿ ಮತ್ತು ಎಕ್ಸೆಲ್ ಕ್ಲೈಂಟ್ ಕೈಯಾರೆ ಟೈಪ್ ಮಾಡಿದ್ದು, ಅವು ಕೊನೆಗೆ.

ಮೊದಲು ಟ್ಯಾಲಿ, ಎಕ್ಸೆಲ್ ನಡುವಿನ 5,400. ಬಿಲ್ ನಂಬರುಗಳ ಗೀಟು, ಅಡ್ಡಗೆರೆ ತೆಗೆದು ಹೋಲಿಸಿದೆ.

```
=SUBSTITUTE(SUBSTITUTE(A2,"/",""),"-","")
```

24/117, 24-117 ಎರಡೂ ಒಂದೇ ಬಿಲ್. ಮೂವತ್ತು ಸಾವಿರದ ಆ ಬಿಲ್ಲು ಟ್ಯಾಲಿಯಲ್ಲಿ ಎರಡು ಸಲ ಏರಿತ್ತು, ಅದರ 18 ಪರ್ಸೆಂಟ್ ತೆರಿಗೆಯೇ ಆ 5,400. ನಂಬರಿನ ಆರಂಭದ ಸೊನ್ನೆಗಳನ್ನೂ ವರ್ಷದ ಅಂಕಿಯನ್ನೂ ಹೇಗೆ ಹೊಂದಿಸುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಎರಡು ವರ್ಷ ಕೂತು ಕಲಿತದ್ದು ಅದು.

ಈಗ 2ಬಿಗೆ ಇನ್ನೂ 10,800 ವ್ಯತ್ಯಾಸ. ಅದರಲ್ಲಿ 3,600 ಸುಲಭ. ಏಪ್ರಿಲ್ 28ರ ಬಿಲ್ಲನ್ನು ಮಾರಿದವರು ಮೇ 11ರ ಗಡುವು ದಾಟಿದ ಮೇಲೆ ತಮ್ಮ ರಿಟರ್ನ್‌ನಲ್ಲಿ ತೋರಿಸಿದ್ದರು, ಅದು ಮುಂದಿನ ತಿಂಗಳ 2ಬಿಗೆ ಬರುತ್ತದೆ. ಉಳಿದ 7,200 ಒಂದು ಮಧ್ಯಾಹ್ನ ಪೂರ್ತಿ ಕಾಡಿತು. ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಬಾಯಿ ಬಿಟ್ಟಿತು. 1,18,000ದ ಬಿಲ್ಲಿಗೆ ಹೋಗಿದ್ದು 70,800 ಮಾತ್ರ. ಕಡಿಮೆಯಾದ 47,200 ಅಂದರೆ ನಲವತ್ತು ಸಾವಿರದ ಮಾಲು, ಅದರ 18 ಪರ್ಸೆಂಟ್ 7,200. ಫೋಟೋಗಳನ್ನು ಮತ್ತೆ ತಿರುವಿದರೆ ಮಾಲು ವಾಪಸ್ ಕಳಿಸಿದ ಚಲನ್ ಸಿಕ್ಕಿತು. ಮಾರಿದವರು ಅದಕ್ಕೆ ಬಿಲ್ಲಿನ ಮೊತ್ತ ತಗ್ಗಿಸುವ ಕ್ರೆಡಿಟ್ ನೋಟ್ ಹಾಕಿದ್ದರು, ನಮ್ಮವರು ಅದನ್ನು ಎಲ್ಲೂ ಬರೆದೇ ಇರಲಿಲ್ಲ.

ನಡುವೆ ಫೋಟೋಗಳನ್ನು ಫೋನಿನಿಂದ ಓದಿಸಿ ಅಕ್ಷರ ಮಾಡುವ ಪ್ರಯೋಗವನ್ನೂ ಮಾಡಿದೆ. ಮಾಸಿದ ಬಿಲ್ಲುಗಳಲ್ಲಿ 1 ಮತ್ತು 7 ಅದಲುಬದಲಾದವು. ಬೆಲೆ ಮತ್ತು ತೆರಿಗೆ ಪರಸ್ಪರ ತಾಳೆಯಾಗುತ್ತವಾ ನೋಡಿದರೆ ತಪ್ಪು ಸಿಗುತ್ತದೆ, ಆದರೆ ನಲವತ್ತು ಬಿಲ್ಲಿಗೆ ಕೈಯಲ್ಲಿ ಟೈಪ್ ಮಾಡುವುದೇ ಬೇಗ. ನಗದು ಖರೀದಿ ಜಾಸ್ತಿ ಇರುವ ಅಂಗಡಿಗೆ ಈ ದಾರಿ ಅರ್ಧ ಮಾತ್ರ ನಡೆಯುತ್ತದೆ, ಬ್ಯಾಂಕ್ ಅಲ್ಲಿ ಸಾಕ್ಷಿ ಹೇಳುವುದಿಲ್ಲ.

ಎಲ್ಲಾ ಮುಗಿದ ಮೇಲೆ ಫೋನ್ ಮಾಡಿದೆ, ಮೂರೇ ಪ್ರಶ್ನೆ. 24/117 ಒಂದೇ ಸಲ ಕೊಂಡದ್ದು ಅಲ್ವಾ? ನಲವತ್ತು ಸಾವಿರದ ಮಾಲು ವಾಪಸ್ ಹೋಯಿತಾ? ಎರಡಕ್ಕೂ "ಹೌದು ಸರ್" ಬಂತು. 1,35,200ಕ್ಕೇ ಕ್ಲೇಮ್ ಹಾಕಿ 19ಕ್ಕೆ ರಿಟರ್ನ್ ಮುಗಿಸಿದೆ. ನಮ್ಮ ಹಿರಿಯರು ಹಾಳೆ ತರಿಸಿಕೊಂಡು ನೋಡಿ, ಅವರ ಮೂರು ಕ್ಲೈಂಟುಗಳನ್ನು ನನಗೇ ಕೊಟ್ಟರು.

ಮೂರನೇ ಪ್ರಶ್ನೆ ಬ್ಯಾಲೆನ್ಸ್ ಶೀಟಿನದು. ಹೊಸ ಲೇತ್‌ಗೆ ಸಾಲ ಬೇಕಂತೆ, ಬ್ಯಾಂಕಿನವರು ಪೇಪರ್ ಕೇಳಿದ್ದಾರಂತೆ. ಆ "ಮಾಡ್ಬಿಡಿ" ಒಳಗೆ ಅದೂ ಸೇರಿತ್ತು. ಅದಕ್ಕೆ ಬೇರೆ ಫೀಸ್ ಹೇಳಿದೆ, ಒಪ್ಪಿದರು.